ಬಂದದ್ದೆಲ್ಲ ಆದಾಯವಲ್ಲ, ಕೊಟ್ಟದ್ದಷ್ಟೇ ಖರ್ಚಲ್ಲ

ಅಕ್ಕಿ ಮಾರುವವನಿಗೆ ಮೂಟೆಯ ಅಸಲು ಮೊದಲೇ ಗೊತ್ತಿರುತ್ತದೆ. ಅದರ ಮೇಲೆ ಲಾಭ ಇಟ್ಟು ಬೆಲೆ ಹೇಳುತ್ತಾನೆ. ಸಾಮಾನ್ಯ ವಿಮಾ ಕಂಪನಿಯ ವ್ಯಾಪಾರ ಇದಕ್ಕೆ ತಿರುಗುಮುರುಗು. ಅದು ಬೆಲೆಯನ್ನು ಮೊದಲು ಎಣಿಸಿಕೊಳ್ಳುತ್ತದೆ, ಅಸಲು ಎಷ್ಟೆಂದು ಗೊತ್ತಾಗುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ. ಪ್ರೀಮಿಯಂ ಕೈಸೇರದೆ ಅಪಾಯವನ್ನು ಹೊರುವಂತಿಲ್ಲ ಎಂದು 1938ರ ವಿಮಾ ಕಾಯ್ದೆಯ 64ವಿಬಿ ಕಲಮು ಹೇಳುವುದರಿಂದ ಹಣ ಮುಂಗಡವಾಗಿಯೇ ಬರುತ್ತದೆ. ಆದರೆ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯಲೇಬೇಕು. ಅಂದು ಕಂಪನಿ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗುತ್ತದೆ: ಬಂದ ಪ್ರೀಮಿಯಂನಲ್ಲಿ ಎಷ್ಟು ಈ ವರ್ಷದ ಸಂಪಾದನೆ? ಆದ ನಷ್ಟಗಳಲ್ಲಿ ಎಷ್ಟು ಈ ವರ್ಷದ ಖರ್ಚು? ಮೊದಲನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಅಂದಾಜು ಬೇಕು. ಕಂಪನಿಯ ಲಾಭದ ಅಂಕಿ ಎಷ್ಟು ಗಟ್ಟಿ ಎಂಬುದು ಬಹುಪಾಲು ಆ ಅಂದಾಜಿನ ಮೇಲೆ ನಿಂತಿದೆ.

ಕ್ಯಾಲೆಂಡರಿನ ಲೆಕ್ಕವನ್ನು ಮೊದಲು ನೋಡಬಹುದು. ಹಾಸನದ ಒಂದು ಕಾರಿಗೆ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಸ್ವಂತ ಹಾನಿಯ ವಿಮೆ ಮಾಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಪ್ರೀಮಿಯಂ 14,600 ರೂಪಾಯಿ. ಅದರ ಮೇಲಿನ ತೆರಿಗೆ ಸರ್ಕಾರದ್ದು, ಕಂಪನಿಯ ಆದಾಯದ ಲೆಕ್ಕಕ್ಕೆ ಅದು ಬರುವುದಿಲ್ಲ. 365 ದಿನಕ್ಕೆ ಹಂಚಿದರೆ ದಿನಕ್ಕೆ 40 ರೂಪಾಯಿ. ಮಾರ್ಚ್ 31ರ ರಾತ್ರಿಗೆ 90 ದಿನ ಕಳೆದಿರುತ್ತವೆ. ಆ 90 ದಿನ ಕಂಪನಿ ಅಪಾಯವನ್ನು ಹೊತ್ತಿದೆ, ಹಾಗಾಗಿ 3,600 ರೂಪಾಯಿ ಅದರ ಸಂಪಾದನೆ. ಇನ್ನು 275 ದಿನ ಹೊರುವುದು ಬಾಕಿಯಿದೆ. ಅದಕ್ಕೆ ಸಂದ 11,000 ರೂಪಾಯಿ ಬ್ಯಾಂಕಿನಲ್ಲಿದ್ದರೂ ಇನ್ನೂ ಗಳಿಸಿದ್ದಲ್ಲ. ಇದೇ ಅನ್‌ಅರ್ನ್ಡ್ ಪ್ರೀಮಿಯಂ, ಅಂದರೆ ಗಳಿಸದ ಪ್ರೀಮಿಯಂ. ಬ್ಯಾಲೆನ್ಸ್ ಶೀಟಿನಲ್ಲಿ ಇದು ಹೊಣೆಯ ಕಡೆಗೆ, 'ಮುಗಿಯದ ಅಪಾಯದ ಮೀಸಲು' ಎಂಬ ತಲೆಬರಹದಡಿ ಕೂರುತ್ತದೆ. ಏಪ್ರಿಲ್ 1ರಿಂದ ದಿನಕ್ಕೆ 40 ರೂಪಾಯಿಯಂತೆ ಕರಗುತ್ತಾ ಹೋಗಿ ಡಿಸೆಂಬರ್ ಕೊನೆಗೆ ಸೊನ್ನೆಯಾಗುತ್ತದೆ. ಕರಗಿದ್ದೆಲ್ಲ ಮುಂದಿನ ವರ್ಷದ ಆದಾಯ.

ಇದನ್ನು ಇನ್ನೊಂದು ಮುಂಗಡದ ಜೊತೆ ಬೆರೆಸಬಾರದು. ಮಾರ್ಚ್ 28ರಂದು ಹಣ ಕಟ್ಟಿ, ವಿಮೆ ಏಪ್ರಿಲ್ 5ರಿಂದ ಶುರುವಾಗುವುದಾದರೆ ಮಾರ್ಚ್ 31ರಂದು ಕಂಪನಿ ಇನ್ನೂ ಯಾವ ಅಪಾಯವನ್ನೂ ಹೊತ್ತಿಲ್ಲ. ಆ ಹಣ ಆ ವರ್ಷದ ಪ್ರೀಮಿಯಂ ಎಂದೇ ಎಣಿಕೆಯಾಗುವುದಿಲ್ಲ, ಬರೀ 'ಮುಂಗಡ ಬಂದ ಪ್ರೀಮಿಯಂ'.

ಲಕ್ಷಾಂತರ ಪಾಲಿಸಿಗಳಿಗೆ ದಿನ ಎಣಿಸುವುದು ಕಂಪ್ಯೂಟರಿಗೆ ಸುಲಭ, ಲೆಡ್ಜರಿಗೆ ಅಸಾಧ್ಯ. ಕಾಯ್ದೆ ಬಂದ ಕಾಲದಲ್ಲಿ ಇದ್ದದ್ದು ಲೆಡ್ಜರು. ಆದ್ದರಿಂದ ಒರಟಾದ ನಿಯಮವೊಂದು ಬಳಕೆಯಲ್ಲಿತ್ತು: ಬೆಂಕಿ ವಿಮೆ, ಇತರೆ ವಿಮೆ ಮತ್ತು ಕಡಲ ಸರಕಿನ ವಿಮೆಗೆ ವರ್ಷದ ನಿವ್ವಳ ಪ್ರೀಮಿಯಂನ 50%, ಹಡಗಿನ ವಿಮೆಗೆ 100% ಮೀಸಲು. ಬಿ.ಕಾಂ. ಪರೀಕ್ಷೆಗೆ ವಿಮಾ ಕಂಪನಿಯ ಲೆಕ್ಕ ಬಿಡಿಸಿದವರಿಗೆ ಈ ಶೇಕಡಾವಾರು ಈಗಲೂ ಬಾಯಿಪಾಠ. 50% ಎಂಬುದರ ಹಿಂದೆ ಒಂದು ಊಹೆಯಿದೆ. ಪಾಲಿಸಿಗಳು ವರ್ಷವಿಡೀ ಸಮನಾಗಿ ಮಾರಾಟವಾದರೆ, ವರ್ಷದ ಕೊನೆಗೆ ಸರಾಸರಿ ಅರ್ಧ ಅವಧಿ ಉಳಿದಿರುತ್ತದೆ ಎಂಬುದೇ ಆ ಊಹೆ. ಆದರೆ ಪಾಲಿಸಿಗಳು ಹಾಗೆ ಸಮನಾಗಿ ಬರುವುದಿಲ್ಲ. ಬಹಳ ಕಾರ್ಖಾನೆಗಳು ತಮ್ಮ ಬೆಂಕಿ ವಿಮೆಯನ್ನು ಏಪ್ರಿಲ್ 1ಕ್ಕೆ ನವೀಕರಿಸುತ್ತವೆ. ಅವುಗಳ ಅವಧಿ ಮಾರ್ಚ್ 31ಕ್ಕೆ ಪೂರ್ತಿ ಮುಗಿದಿರುತ್ತದೆ, ಆದರೂ ಹಳೆಯ ನಿಯಮ ಅರ್ಧ ಪ್ರೀಮಿಯಂ ತಡೆದಿಡುತ್ತಿತ್ತು. ಮೇಲಿನ ಕಾರಿನ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ: 11,000 ಉಳಿಯಬೇಕಾದ ಕಡೆ 7,300 ಉಳಿಯುತ್ತಿತ್ತು, 3,700 ರೂಪಾಯಿ ಅವಧಿಗೆ ಮೊದಲೇ ಲಾಭಕ್ಕೆ ಸೇರುತ್ತಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಭರದಿಂದ ಪಾಲಿಸಿ ಮಾರಿದ ಕಂಪನಿಗೆ ಹಳೆಯ ನಿಯಮ ಒಂದು ಉಡುಗೊರೆಯೇ ಸರಿ. 2016ರ ನಿಯಮಾವಳಿ ಬಂದ ಮೇಲೆ ಕಂಪನಿಗಳು ದಿನದ ಲೆಕ್ಕವನ್ನು, ಅಂದರೆ 365ನೇ ಒಂದು ಭಾಗದ ವಿಧಾನವನ್ನು, ಬಳಸಬಹುದಾಯಿತು. ಹಡಗಿನ ವಿಮೆಗೆ ಮಾತ್ರ ಪೂರ್ತಿ ಮೀಸಲು ಮುಂದುವರಿಯಿತು.

ದಿನದ ಲೆಕ್ಕವೂ ಎಲ್ಲ ಕಡೆ ಒಪ್ಪುವುದಿಲ್ಲ. ಮುಂಗಾರು ಬೆಳೆಯ ವಿಮೆಯಲ್ಲಿ ಬಿತ್ತನೆಯಿಂದ ಕೊಯ್ಲಿನವರೆಗೆ ಮಾತ್ರ ಅಪಾಯ ಇರುತ್ತದೆ. ಮಳೆಗಾಲ ಮುಗಿದು ರಾಗಿ ಕಣಕ್ಕೆ ಬಂದ ಮೇಲೆ ಕಂಪನಿ ಹೊರಬೇಕಾದ್ದು ಏನೂ ಉಳಿದಿಲ್ಲ. ಹಾಗಾಗಿ ಮುಂಗಾರಿನ ಪ್ರೀಮಿಯಂ ಮಾರ್ಚ್ ಹೊತ್ತಿಗೆ ಪೂರ್ತಿ ಸಂಪಾದನೆಯೇ. ಅಪಾಯ ಹೇಗೆ ಹಂಚಿಹೋಗಿದೆಯೋ ಆದಾಯವೂ ಹಾಗೇ ಹಂಚಿಹೋಗಬೇಕು ಎಂಬುದು ಮೂಲ ತತ್ವ. ದಿನ ಎಣಿಸುವುದು ಅದಕ್ಕೆ ಸಿಕ್ಕ ಸುಲಭ ಅಳತೆಗೋಲು ಅಷ್ಟೆ.

ಒಂದಕ್ಕಿಂತ ಹೆಚ್ಚು ವರ್ಷದ ಪಾಲಿಸಿಗಳಲ್ಲಿ ಈ ತತ್ವದ ಅಗತ್ಯ ಇನ್ನೂ ಎದ್ದು ಕಾಣುತ್ತದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕಾಯಿತು. ಬೈಕಿನ ಮಾಲೀಕ ಐದು ವರ್ಷದ ಹಣವನ್ನು ಷೋರೂಮಿನಲ್ಲೇ ಕಟ್ಟುತ್ತಾನೆ. ಅದನ್ನೆಲ್ಲ ಮೊದಲ ವರ್ಷದ ವ್ಯಾಪಾರ ಎಂದು ತೋರಿಸಿದರೆ ಕಂಪನಿ ಐದು ಪಟ್ಟು ಬೆಳೆದಂತೆ ಕಾಣುತ್ತದೆ. ಹೀಗಾಗಿ ಆಯಾ ವರ್ಷಕ್ಕೆ ಸಲ್ಲುವ ಪಾಲಷ್ಟೇ ಆ ವರ್ಷದ ಪ್ರೀಮಿಯಂ, ಉಳಿದದ್ದು ಮುಂಗಡ. 2024ರ ಅಕ್ಟೋಬರ್ 1ರಿಂದ ಬೇರೆ ದೀರ್ಘಾವಧಿ ಪಾಲಿಸಿಗಳಿಗೂ ಇದೇ ರೀತಿಯ ಲೆಕ್ಕ ಬಂದಿದೆ. ಎರಡು-ಮೂರು ವರ್ಷದ ಆರೋಗ್ಯ ಪಾಲಿಸಿಗಳನ್ನು ಹೆಚ್ಚು ಮಾರುತ್ತಿದ್ದ ಕಂಪನಿಗಳ ಪ್ರೀಮಿಯಂ ಬೆಳವಣಿಗೆ ಆಮೇಲಿನ ತಿಂಗಳುಗಳಲ್ಲಿ ಕಾಗದದ ಮೇಲೆ ಕುಗ್ಗಿದಂತೆ ಕಂಡದ್ದಕ್ಕೆ ಇದೂ ಒಂದು ಕಾರಣ. ಆ ತಿಂಗಳುಗಳ ಅಂಕಿಯನ್ನು ಹಿಂದಿನ ವರ್ಷದ ಅಂಕಿಯ ಪಕ್ಕಕ್ಕೆ ನೇರವಾಗಿ ಇಟ್ಟು ನೋಡಿದರೆ ಹೋಲಿಕೆ ತಪ್ಪುತ್ತದೆ.

ಪ್ರೀಮಿಯಂ ದಿನಗಳ ಮೇಲೆ ಹಂಚಿಹೋಗುತ್ತದೆ, ಆದರೆ ಅದನ್ನು ತಂದುಕೊಟ್ಟ ಏಜೆಂಟನ ಕಮಿಷನ್ ಹಂಚಿಹೋಗುವುದಿಲ್ಲ. ಭಾರತದಲ್ಲಿ ಈವರೆಗಿನ ಪದ್ಧತಿಯಲ್ಲಿ ಪಾಲಿಸಿ ಗಳಿಸಲು ಆದ ವೆಚ್ಚವೆಲ್ಲ ಆದ ವರ್ಷಕ್ಕೇ ಖರ್ಚು. ಹಾಸನದ ಕಾರಿಗೆ 15% ಕಮಿಷನ್ ಎಂದಿಟ್ಟುಕೊಂಡರೆ 2,190 ರೂಪಾಯಿ. ಮೊದಲ ಮೂರು ತಿಂಗಳ 3,600 ಗಳಿಕೆಯಲ್ಲಿ ಅದನ್ನು ಪೂರ್ತಿ ಕಳೆಯಬೇಕು. ಉಳಿಯುವುದು 1,410, ಅದರಲ್ಲೇ ಕ್ಲೇಮು, ಸಂಬಳ, ಬಾಡಿಗೆ ಎಲ್ಲ. ಹಾಗಾಗಿ ವೇಗವಾಗಿ ಬೆಳೆಯುತ್ತಿರುವ ಕಂಪನಿ ಒಳ್ಳೆಯ ವ್ಯಾಪಾರ ಮಾಡುತ್ತಿದ್ದರೂ ನಷ್ಟ ತೋರಿಸಬಹುದು. ವ್ಯಾಪಾರ ಕುಗ್ಗುತ್ತಿರುವ ಕಂಪನಿ, ಹಿಂದಿನ ವರ್ಷ ತಡೆದಿಟ್ಟ ಪ್ರೀಮಿಯಂ ಕರಗಿ ಬರುವುದರಿಂದ, ತುಸು ಕಾಲ ಆರೋಗ್ಯವಾಗಿರುವಂತೆ ಕಾಣಬಹುದು.

ತಡೆದಿಟ್ಟ ಪ್ರೀಮಿಯಂ ಮುಂದೆ ಬರಲಿರುವ ಕ್ಲೇಮುಗಳಿಗೆ ಸಾಲದು ಎಂದು ಮಾರ್ಚ್‌ನಲ್ಲೇ ಗೊತ್ತಾದರೆ? ಕಡಿಮೆ ದರಕ್ಕೆ ಪಾಲಿಸಿ ಮಾರಿದ ಕಂಪನಿಗೆ ಈ ಪಾಡು ಬರುತ್ತದೆ. ಆಗ ಕೊರತೆಯಷ್ಟನ್ನೂ ಅದೇ ವರ್ಷದ ಖರ್ಚಿಗೆ ಹಾಕಿ ಪ್ರತ್ಯೇಕ ಮೀಸಲು ಮಾಡಬೇಕು. ಇದರ ಹೆಸರು ಪ್ರೀಮಿಯಂ ಕೊರತೆ ಮೀಸಲು. ಮುಂದೆ ಬರುವ ಲಾಭವನ್ನು ಇಂದೇ ಬರೆದುಕೊಳ್ಳುವಂತಿಲ್ಲ, ಮುಂದೆ ಬರುವ ನಷ್ಟವನ್ನು ಮಾತ್ರ ಇಂದೇ ಬರೆದುಕೊಳ್ಳಬೇಕು.

ಈಗ ಖರ್ಚಿನ ಕಡೆ. ಅದೇ ಕಾರು ಮಾರ್ಚ್ 20ರಂದು ಶಿರಾಡಿ ಘಾಟಿಯಲ್ಲಿ ತಡೆಗೋಡೆಗೆ ಬಡಿಯಿತು ಎಂದಿರಲಿ. ಮಾಲೀಕ 22ರಂದು ಕಂಪನಿಗೆ ತಿಳಿಸಿದ. ಸರ್ವೇಯರ್ ಗ್ಯಾರೇಜಿಗೆ ಹೋಗಿ ನೋಡಿ, ಸುಮಾರು 80,000 ರೂಪಾಯಿ ಆದೀತು ಎಂದ. ಮಾರ್ಚ್ 31ಕ್ಕೆ ಒಂದು ರೂಪಾಯಿಯೂ ಪಾವತಿಯಾಗಿಲ್ಲ. ಆದರೆ ಅಪಘಾತ ನಡೆದದ್ದು ಈ ವರ್ಷ, ಆದ್ದರಿಂದ ಖರ್ಚೂ ಈ ವರ್ಷದ್ದೇ. 80,000 ರೂಪಾಯಿ 'ಬಾಕಿ ಕ್ಲೇಮು' ಎಂದು ದಾಖಲಾಗುತ್ತದೆ. ಸರ್ವೇಯರ್ ಶುಲ್ಕವೂ, ವ್ಯಾಜ್ಯವಿದ್ದರೆ ವಕೀಲರ ವೆಚ್ಚವೂ ಇದಕ್ಕೆ ಸೇರುತ್ತವೆ. ಹಳೆಯ ಬಿಡಿಭಾಗ ಮಾರಿದರೆ ಬರಬಹುದಾದ ಹಣ ಕಳೆಯುತ್ತದೆ. ಜೂನ್‌ನಲ್ಲಿ ಗ್ಯಾರೇಜಿನ ಅಂತಿಮ ಬಿಲ್ಲು 92,000ಕ್ಕೆ ನಿಂತಿತು. ಹೊಸ ವರ್ಷದ ಪುಸ್ತಕದಲ್ಲಿ ಪಾವತಿ 92,000, ಅದರಲ್ಲಿ ಹಿಂದಿನಿಂದ ಬಂದ ಬಾಕಿ 80,000 ಕಳೆದರೆ ಉಳಿಯುವ 12,000 ಹೊಸ ವರ್ಷದ ಹೊರೆ. ಹಳೆಯ ವರ್ಷದ ಅಂದಾಜು ತಪ್ಪಿದ್ದಕ್ಕೆ ಹಳೆಯ ಪುಸ್ತಕವನ್ನು ಯಾರೂ ತೆರೆದು ತಿದ್ದುವುದಿಲ್ಲ. ತಪ್ಪಿನ ವ್ಯತ್ಯಾಸ ಗೊತ್ತಾದ ವರ್ಷಕ್ಕೆ ಬೀಳುತ್ತದೆ. ಈ ನಿಯಮ ಮುಂದೆ ದೊಡ್ಡ ಪರಿಣಾಮ ಮಾಡುತ್ತದೆ.

ಅದೇ ಅಪಘಾತದಲ್ಲಿ ಎದುರಿಗೆ ಬಂದ ಬೈಕ್ ಸವಾರನಿಗೂ ಪೆಟ್ಟಾಗಿದೆ ಎನ್ನಿ. ಆತ ಆಸ್ಪತ್ರೆಯಿಂದ ಬಂದು, ವಕೀಲರನ್ನು ಕಂಡು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ತಿಂಗಳುಗಳಾಗಬಹುದು. ಮಾರ್ಚ್ 31ರಂದು ಕಂಪನಿಯ ಕಡತದಲ್ಲಿ ಆತನ ಹೆಸರೇ ಇಲ್ಲ. ಹೊಣೆ ಮಾತ್ರ ಮಾರ್ಚ್ 20ರಂದೇ ಹುಟ್ಟಿದೆ. ಹೀಗೆ ಘಟನೆ ನಡೆದೂ ವರದಿಯಾಗದ ಕ್ಲೇಮುಗಳಿಗೆ ಮಾಡುವ ಮೀಸಲಿಗೆ ವಿಮಾ ಕಚೇರಿಗಳಲ್ಲಿ ಐಬಿಎನ್‌ಆರ್ ಎಂದೇ ಹೆಸರು. ವರದಿಯಾಗಿದ್ದರೂ ಕಡಿಮೆ ಅಂದಾಜಾಗಿರುವ ಕ್ಲೇಮುಗಳಿಗೆ, ಅಂದರೆ ಮೇಲಿನ 12,000ದಂಥವಕ್ಕೆ, ಮಾಡುವ ಮೀಸಲೂ ಸಾಮಾನ್ಯವಾಗಿ ಇದರ ಜೊತೆಗೇ ಲೆಕ್ಕವಾಗುತ್ತದೆ. ಕಡತವೇ ಇಲ್ಲದ ಕ್ಲೇಮಿಗೆ ಎಷ್ಟು ಇಡಬೇಕೆಂದು ಕ್ಲೇಮು ವಿಭಾಗದ ಗುಮಾಸ್ತ ಹೇಳಲಾರ. ಅದು ಕಂಪನಿಯ ನೇಮಿತ ಆ್ಯಕ್ಚುಅರಿಯ ಕೆಲಸ. ಆತ ಹಿಂದಿನ ವರ್ಷಗಳ ಜಾಡು ಹಿಡಿಯುತ್ತಾನೆ.

ಜಾಡು ಹಿಡಿಯುವ ಬಗೆಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಚೈನ್ ಲ್ಯಾಡರ್. ಹೆಸರು ಭಾರಿಯಾಗಿದ್ದರೂ ಲೆಕ್ಕ ತ್ರೈರಾಶಿಯದ್ದು. ಕಲ್ಪಿತ ಕಂಪನಿಯೊಂದರಲ್ಲಿ ಎರಡು ವರ್ಷ ಹಿಂದಿನ ಅಪಘಾತಗಳಿಂದ ಆ ವರ್ಷಾಂತ್ಯಕ್ಕೆ ಗೊತ್ತಾಗಿದ್ದ ಕ್ಲೇಮು 40 ಕೋಟಿ, ಮರುವರ್ಷಕ್ಕೆ ಅದು 72 ಕೋಟಿ, ಈಗ 90 ಕೋಟಿಗೆ ಬಂದು ನಿಂತಿದೆ. ಕಳೆದ ವರ್ಷದ ಅಪಘಾತಗಳು 45 ಕೋಟಿಯಿಂದ ಈಗ 81 ಕೋಟಿಗೆ ಬಂದಿವೆ. ಎರಡರಲ್ಲೂ ಮೊದಲ ಹೆಜ್ಜೆ 1.8 ಪಟ್ಟು. ಎರಡನೆಯ ಹೆಜ್ಜೆ, 72ರಿಂದ 90ಕ್ಕೆ, 1.25 ಪಟ್ಟು. ಈ ವರ್ಷದ ಅಪಘಾತಗಳಿಂದ ಸದ್ಯಕ್ಕೆ ಗೊತ್ತಾಗಿರುವುದು 50 ಕೋಟಿ. ಅದನ್ನು 1.8ರಿಂದಲೂ 1.25ರಿಂದಲೂ ಗುಣಿಸಿದರೆ 112.5 ಕೋಟಿ. ಅಂದರೆ ಇನ್ನೂ ಕಾಣದ 62.5 ಕೋಟಿಗೆ ಇಂದೇ ಮೀಸಲಿಡಬೇಕು. ಕಣ್ಣಿಗೆ ಕಾಣುವ ಕ್ಲೇಮಿಗಿಂತ ಕಾಣದ್ದೇ ದೊಡ್ಡದು. ಥರ್ಡ್ ಪಾರ್ಟಿ ವಿಮೆಯಲ್ಲಿ ಇದು ವಿಚಿತ್ರವಲ್ಲ, ಅಲ್ಲಿನ ಬಾಲ ಉದ್ದ. ಆರೋಗ್ಯ ವಿಮೆಯಲ್ಲಿ ಆಸ್ಪತ್ರೆಯ ಬಿಲ್ಲು ವಾರಗಳಲ್ಲೇ ಬರುವುದರಿಂದ ಗುಣಕ 1ರ ಹತ್ತಿರವೇ ಇರುತ್ತದೆ.

ನಾಳೆಯೂ ನಿನ್ನೆಯಂತೆಯೇ ಇರುತ್ತದೆ ಎಂದು ನಂಬಿದರೆ ಮಾತ್ರ ಈ ಗುಣಾಕಾರ ಸರಿ. ನ್ಯಾಯಾಲಯದ ಒಂದು ತೀರ್ಪು ಅದನ್ನು ಅಲುಗಿಸಬಲ್ಲದು. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಅಪಘಾತದಲ್ಲಿ ತೀರಿಕೊಂಡವರು ಸ್ವಂತ ಉದ್ಯೋಗಿಗಳಾಗಿದ್ದರೂ ಅವರ ಮುಂದಿನ ಆದಾಯದ ಹೆಚ್ಚಳವನ್ನು ಪರಿಹಾರದಲ್ಲಿ ಪರಿಗಣಿಸಬೇಕೆಂದು ಹೇಳಿತು. ಇಂಥ ತೀರ್ಪು ಮುಂದಿನ ಅಪಘಾತಗಳಿಗಷ್ಟೇ ಅಲ್ಲ, ಎಂದೋ ಪ್ರೀಮಿಯಂ ಪಡೆದು ಮುಗಿಸಿದ ಹಳೆಯ ವರ್ಷಗಳ ಬಾಕಿ ಪ್ರಕರಣಗಳಿಗೂ ತಗಲುತ್ತದೆ. ಆ ವರ್ಷಗಳ ಪಾಲಿಸಿದಾರರಿಂದ ಹೆಚ್ಚುವರಿ ಪ್ರೀಮಿಯಂ ಕೇಳಲು ಸಾಧ್ಯವಿಲ್ಲ.

ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ್ದೇ ದೊಡ್ಡ ಉದಾಹರಣೆಯಿದೆ. ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ವಿಮೆಯನ್ನು ಯಾವ ಕಂಪನಿಯೂ ಮನಸಾರೆ ಒಪ್ಪಿಕೊಳ್ಳುತ್ತಿರಲಿಲ್ಲ. ಅದಕ್ಕಾಗಿ 2007ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಸೇರಿದ ಒಂದು ಪೂಲ್ ರಚನೆಯಾಯಿತು. ಲಾರಿಗೆ ಯಾವ ಕಂಪನಿ ಪಾಲಿಸಿ ಕೊಟ್ಟರೂ ಪ್ರೀಮಿಯಂ, ಕ್ಲೇಮು ಎರಡೂ ಪೂಲ್‌ಗೆ ಹೋಗಿ, ಪ್ರತಿ ಕಂಪನಿಗೂ ಅದರ ಮಾರುಕಟ್ಟೆ ಪಾಲಿನಂತೆ ಹಂಚಿಕೆಯಾಗುತ್ತಿತ್ತು. ಪೂಲ್‌ನ ಆಡಳಿತ ಜಿಐಸಿ ರೀಯದ್ದು. ಆರಂಭದ ವರ್ಷಗಳಲ್ಲಿ ಕ್ಲೇಮಿಗೆಂದು ಇಟ್ಟ ಮೀಸಲು ತೀರಾ ಕಡಿಮೆಯಾಗಿತ್ತು. 2011ರ ಮಾರ್ಚ್‌ನಲ್ಲಿ ನಿಯಂತ್ರಣ ಪ್ರಾಧಿಕಾರವು, ಪೂಲ್ ಶುರುವಾದಂದಿನಿಂದಲೂ ಪ್ರತಿ 100 ರೂಪಾಯಿ ಪ್ರೀಮಿಯಂಗೆ ಕನಿಷ್ಠ 153 ರೂಪಾಯಿ ಅಂತಿಮ ಕ್ಲೇಮು ಎಂದು ಎಣಿಸಿ ಮೀಸಲಿಡುವಂತೆ ಹೇಳಿತು. ಹೊರಗಿನ ಆ್ಯಕ್ಚುಅರಿಗಳಿಂದ ಮತ್ತೆ ಪರಿಶೀಲನೆ ನಡೆದ ಮೇಲೆ ಅದೂ ಸಾಲದೆಂದು ಗೊತ್ತಾಗಿ, 2012ರಲ್ಲಿ ವರ್ಷಕ್ಕೆ ತಕ್ಕಂತೆ 159ರಿಂದ 213 ರೂಪಾಯಿವರೆಗೆ ಏರಿತು. 2012ರ ಮಾರ್ಚ್ 31ಕ್ಕೆ ಪೂಲ್ ಮುಚ್ಚಿತು. ಹಳೆಯ ನಾಲ್ಕು ವರ್ಷಗಳ ಕೊರತೆ ಒಮ್ಮೆಗೇ ಕಂಪನಿಗಳ ಲಾಭನಷ್ಟದ ಮೇಲೆ ಬಿದ್ದಿತು. ಹೊರೆಯನ್ನು ಮೂರು ವರ್ಷಕ್ಕೆ ಹಂಚಿಕೊಳ್ಳಲು ಅವಕಾಶ ಕೊಡಬೇಕಾಗಿ ಬಂತು. ಲಾರಿಗಳು ಆ ವರ್ಷ ಹೆಚ್ಚು ಅಪಘಾತ ಮಾಡಿದ್ದವು ಎಂದೇನಲ್ಲ. ಹಿಂದಿನ ವರ್ಷಗಳ ಲಾಭ ಇರುವುದಕ್ಕಿಂತ ಹೆಚ್ಚು ತೋರಿತ್ತು ಅಷ್ಟೇ.

ಎರಡೂ ಲೆಕ್ಕಗಳು ಕಂಪನಿಯ ರೆವಿನ್ಯೂ ಖಾತೆಯಲ್ಲಿ ಕೂಡುತ್ತವೆ. ಬೆಂಕಿ, ಕಡಲು, ಇತರೆ ಎಂದು ಮೂರು ವಿಭಾಗಕ್ಕೂ ಬೇರೆ ಬೇರೆ ಖಾತೆ. ಎಲ್ಲ ಅಂಕಿಗಳೂ ಮರುವಿಮೆಗೆ ಕೊಟ್ಟದ್ದನ್ನು ಕಳೆದ ನಿವ್ವಳ ಅಂಕಿಗಳು. ಕಲ್ಪಿತ ಕಂಪನಿಯ ಮೋಟಾರು ವಿಭಾಗವನ್ನು ಹೀಗೆ ನೋಡಬಹುದು. ವರ್ಷದ ನಿವ್ವಳ ಪ್ರೀಮಿಯಂ 200 ಕೋಟಿ, ಕ್ಲೇಮು ಪಾವತಿ 120 ಕೋಟಿ, ಕಮಿಷನ್ ಮತ್ತು ಆಡಳಿತ ವೆಚ್ಚ 56 ಕೋಟಿ. ಬ್ಯಾಂಕ್ ಪುಸ್ತಕದ ಪ್ರಕಾರ 24 ಕೋಟಿ ಉಳಿದಿದೆ. ಈಗ ಮೀಸಲುಗಳನ್ನು ಸೇರಿಸೋಣ. ಗಳಿಸದ ಪ್ರೀಮಿಯಂ ವರ್ಷದ ಆರಂಭದಲ್ಲಿ 80 ಕೋಟಿ ಇತ್ತು, ಕೊನೆಗೆ 96 ಕೋಟಿ. 16 ಕೋಟಿ ಹೆಚ್ಚಿದ್ದರಿಂದ ಗಳಿಸಿದ ಪ್ರೀಮಿಯಂ 184 ಕೋಟಿ. ಬಾಕಿ ಕ್ಲೇಮು, ಐಬಿಎನ್‌ಆರ್ ಸೇರಿ, ಆರಂಭದಲ್ಲಿ 150, ಕೊನೆಗೆ 172 ಕೋಟಿ. 22 ಕೋಟಿ ಹೆಚ್ಚಿದ್ದರಿಂದ ತಗುಲಿದ ಕ್ಲೇಮು 142 ಕೋಟಿ. 184ರಲ್ಲಿ 142 ಮತ್ತು 56 ಕಳೆದರೆ 14 ಕೋಟಿ ನಷ್ಟ. 24 ಕೋಟಿ ಮಿಗುತಾಯ ಕಂಡ ಕಡೆಯೇ 14 ಕೋಟಿ ನಷ್ಟವಿದೆ. ಈ ನಷ್ಟವನ್ನು ತುಂಬುವುದು ಸಾಮಾನ್ಯವಾಗಿ ಹೂಡಿಕೆಯ ಆದಾಯ. ಮೀಸಲಾಗಿ ನಿಂತ ಹಣ ಕ್ಲೇಮು ಬರುವವರೆಗೆ ಬಾಂಡುಗಳಲ್ಲಿ ಬಡ್ಡಿ ದುಡಿಯುತ್ತಿರುತ್ತದೆ.

ವರ್ಷಾಂತ್ಯದ 172 ಕೋಟಿಯನ್ನು ಯಾರಾದರೂ 155 ಕೋಟಿ ಎಂದು ಬರೆದರೆ 14 ಕೋಟಿ ನಷ್ಟ 3 ಕೋಟಿ ಲಾಭವಾಗುತ್ತದೆ. ಒಂದು ಪಾಲಿಸಿಯನ್ನೂ ಹೆಚ್ಚು ಮಾರಬೇಕಾಗಿಲ್ಲ, ಒಂದು ಕ್ಲೇಮನ್ನೂ ತಿರಸ್ಕರಿಸಬೇಕಾಗಿಲ್ಲ. ಗಳಿಸದ ಪ್ರೀಮಿಯಂನಲ್ಲಿ ಇಂಥ ಕೈಚಳಕಕ್ಕೆ ಜಾಗ ಕಡಿಮೆ, ಯಾಕೆಂದರೆ ಪಾಲಿಸಿಯ ತಾರೀಕು ಯಾರು ಬೇಕಾದರೂ ಎಣಿಸಬಹುದು. ಬಾಕಿ ಕ್ಲೇಮಿನ ಅಂದಾಜನ್ನು ಹೊರಗಿನವರು ನೇರವಾಗಿ ಪರೀಕ್ಷಿಸಲಾರರು. ಲೆಕ್ಕಪರಿಶೋಧಕರು ಕೂಡ ಐಬಿಎನ್‌ಆರ್ ಮತ್ತು ಪ್ರೀಮಿಯಂ ಕೊರತೆಯ ವಿಷಯದಲ್ಲಿ ಆ್ಯಕ್ಚುಅರಿಯ ಪ್ರಮಾಣಪತ್ರವನ್ನು ನೆಚ್ಚಿರುವುದಾಗಿ ತಮ್ಮ ವರದಿಯಲ್ಲೇ ಬರೆಯುತ್ತಾರೆ.

ಆದರೂ ಗುರುತು ಹಿಡಿಯಲು ದಾರಿಗಳಿವೆ. ಪ್ರತಿ ವಿಮಾ ಕಂಪನಿಯೂ ತನ್ನ ವೆಬ್‌ಸೈಟಿನಲ್ಲಿ ತ್ರೈಮಾಸಿಕ ಲೆಕ್ಕ ಹಾಕಬೇಕು. ಅದರಲ್ಲಿ ಎನ್‌ಎಲ್-4 ನಮೂನೆಯಲ್ಲಿ ಪ್ರೀಮಿಯಂ, ಎನ್‌ಎಲ್-5ರಲ್ಲಿ ಕ್ಲೇಮು, ವಿಭಾಗವಾರು ಸಿಗುತ್ತವೆ. ಥರ್ಡ್ ಪಾರ್ಟಿ ಪ್ರೀಮಿಯಂ ಏರುತ್ತಿದ್ದು ಬಾಕಿ ಕ್ಲೇಮು ಮಾತ್ರ ನಿಂತಲ್ಲೇ ನಿಂತಿದ್ದರೆ, ಯಾಕೆ ಎಂದು ಕೇಳಬೇಕು. ಅದಕ್ಕಿಂತ ಒಳ್ಳೆಯ ಸಾಕ್ಷಿ, ಹಳೆಯ ಅಪಘಾತ ವರ್ಷಗಳ ಅಂದಾಜು ವರ್ಷದಿಂದ ವರ್ಷಕ್ಕೆ ಯಾವ ಕಡೆ ಸರಿದಿದೆ ಎಂಬುದು. ಕೆಲವು ಕಂಪನಿಗಳು ತಮ್ಮ ಕ್ಲೇಮು ಬೆಳವಣಿಗೆಯ ತ್ರಿಕೋನವನ್ನೇ ಪ್ರಕಟಿಸುತ್ತವೆ. ಒಂದು ವರ್ಷದ ಅಂದಾಜು ಮೊದಲು 100 ಎಂದಿದ್ದು 98, 97 ಎಂದು ಇಳಿದರೆ ಎಚ್ಚರಿಕೆಯಿಂದ ಮೀಸಲಿಟ್ಟಿದ್ದಾರೆ ಎಂದರ್ಥ. 100 ಎಂದಿದ್ದು 108, 115, 121 ಎಂದು ಒಂದೇ ಕಡೆ ಏರುತ್ತಲೇ ಹೋದರೆ, ಮತ್ತು ಅದರ ಹಿಂದಿನ ವರ್ಷವೂ ಹಾಗೇ ಏರಿದ್ದರೆ, ಈ ವರ್ಷ ಹೊಸದಾಗಿ ಬರೆದ 100 ಕೂಡ ಅಲ್ಲಿ ನಿಲ್ಲುವುದು ಅನುಮಾನ.